ಅದೇ ಎರಡು ಪೆಗ್, ಆದರೆ ಈಗ ಬೀಳುತ್ತಿರುವುದು ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 71 ವರ್ಷ, ತೂಕ 62 ಕೆ.ಜಿ. ಮೂವತ್ತು ವರ್ಷದಿಂದ ರಾತ್ರಿ ಎಂಟೂವರೆಗೆ ಎರಡು ಪೆಗ್ ವಿಸ್ಕಿ, ಆಮೇಲೆ ಊಟ. ಅದಕ್ಕಿಂತ ಜಾಸ್ತಿ ಮುಟ್ಟಿದವರಲ್ಲ. ಬಿಪಿಗೆ ಟೆಲ್ಮಿಸಾರ್ಟಾನ್, ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್, ನಿದ್ದೆಗೆ ಕ್ಲೋನಜೆಪಾಮ್ 0.5, ಜೊತೆಗೆ ಆಸ್ಪಿರಿನ್ 75 ತಗೋತಾರೆ. ಎರಡು ತಿಂಗಳಲ್ಲಿ ಎರಡು ಸಲ ರಾತ್ರಿ ಒಂದೂವರೆ ಸುಮಾರಿಗೆ ಬಾತ್‌ರೂಮಿಗೆ ಎದ್ದು ಬಿದ್ದಿದ್ದಾರೆ. ಎರಡನೇ ಸಲ, ಅಂದ್ರೆ 12 ದಿನದ ಹಿಂದೆ, ಬಾಗಿಲಿಗೆ ತಲೆ ಹೊಡೆದು ಊದಿಕೊಂಡಿತ್ತು. "ಮೂವತ್ತು ವರ್ಷದಿಂದ ಇಷ್ಟೇ ಕುಡೀತಿದೀನಿ, ಹಾರ್ಟಿಗೂ ಒಳ್ಳೇದು" ಅಂತಾರೆ. ಅಮ್ಮ ಇವತ್ತೇ ಪೂರ್ತಿ ಬಿಡಿಸು ಅಂತಾರೆ. ಮಾತ್ರೆಗೂ ಪೆಗ್ಗಿಗೂ ಎರಡು ಗಂಟೆ ಗ್ಯಾಪ್ ಕೊಟ್ರೆ ಸಾಕಾಗಲ್ವಾ?

ಉತ್ತರ: ಮೊದಲು ತಲೆಗೆ ಬಿದ್ದ ಪೆಟ್ಟಿನ ವಿಷಯ. ಕುಡಿಯೋದು, ಮಾತ್ರೆ ಎಲ್ಲ ಆಮೇಲೆ ನೋಡೋಣ.

ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ. ತಲೆಬುರುಡೆಗೂ ಮೆದುಳಿಗೂ ನಡುವೆ ಜಾಗ ಜಾಸ್ತಿಯಾಗುತ್ತದೆ. ಆ ಜಾಗವನ್ನು ದಾಟುವ ಸಣ್ಣ ರಕ್ತನಾಳಗಳು ಎಳೆದು ಕಟ್ಟಿದ ದಾರದ ಹಾಗೆ ಬಿಗಿಯಾಗಿರುತ್ತವೆ. ಒಂದು ಸಾಧಾರಣ ಪೆಟ್ಟಿಗೂ ಅವು ಹರಿದು ರಕ್ತ ಜಿನುಗಬಹುದು. ಹಲವು ವರ್ಷ ಕುಡಿದವರಲ್ಲಿ ಈ ಕುಗ್ಗುವಿಕೆ ಇನ್ನೂ ಜಾಸ್ತಿ. ಆಸ್ಪಿರಿನ್ ಬೇರೆ ಇರುವುದರಿಂದ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಈ ಜಿನುಗು ಬಿದ್ದ ದಿನವೇ ಗೊತ್ತಾಗಬೇಕು ಅಂತೇನಿಲ್ಲ. ಎರಡು ವಾರ, ಮೂರು ವಾರ, ಕೆಲವೊಮ್ಮೆ ಒಂದೂವರೆ ತಿಂಗಳು ಬಿಟ್ಟು ನಿಧಾನವಾಗಿ ತಲೆನೋವು ಶುರುವಾಗುತ್ತದೆ. ಹಗಲೆಲ್ಲ ತೂಕಡಿಕೆ, ಮಾತಿನಲ್ಲಿ ಗೊಂದಲ, ಒಂದು ಕಾಲು ಎಳೆದು ನಡೆಯುವುದು ಕಾಣುತ್ತದೆ. ಮನೆಯವರು ಅದನ್ನು ನೋಡಿ "ಇವತ್ತು ಸ್ವಲ್ಪ ಜಾಸ್ತಿ ಹಾಕ್ಕೊಂಡಿದ್ದಾರೆ" ಅಂದುಕೊಳ್ಳುತ್ತಾರೆ. ನಾನು ತಡವಾಗಿ ನೋಡಿದ ಇಂಥ ಕೇಸುಗಳಲ್ಲಿ ಹೆಚ್ಚಿನವು ತಡವಾಗಿದ್ದು ಇದೇ ಕಾರಣಕ್ಕೆ.

ನಿಮ್ಮ ತಂದೆ ಈಗ ಆ 12ನೇ ದಿನದಲ್ಲಿದ್ದಾರೆ. ಊತ ಇಳಿದಿದೆ ಅಂತ ಬಿಡಬೇಡಿ. ನಾಳೆಯೇ ಡಾಕ್ಟರಿಗೆ ತೋರಿಸಿ, ತಲೆಯ ಸಿ.ಟಿ. ಸ್ಕ್ಯಾನ್ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ಬಿದ್ದದ್ದು, ತಲೆ ತಾಗಿದ್ದು, ಆಸ್ಪಿರಿನ್, ಮದ್ಯ, ಈ ನಾಲ್ಕನ್ನೂ ಒಟ್ಟಿಗೆ ಹೇಳಿ. ಮೇಲೆ ಹೇಳಿದ ಯಾವುದಾದರೂ ಲಕ್ಷಣ ಕಂಡರೆ, ಅಥವಾ ವಾಂತಿ, ಫಿಟ್ಸ್ ಬಂದರೆ ನಾಳೆಯವರೆಗೂ ಕಾಯಬೇಡಿ, ಆಗಲೇ ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಿ. ಆಸ್ಪಿರಿನ್ ನಿಲ್ಲಿಸಬೇಕಾ ಬೇಡವಾ ಅನ್ನೋದನ್ನು ಅವರೇ ತೀರ್ಮಾನಿಸಲಿ. ಅದನ್ನು ಯಾಕೆ ಕೊಟ್ಟಿದ್ದಾರೆ ಅನ್ನೋದರ ಮೇಲೆ ಅದು ನಿಂತಿದೆ.

ಈಗ "ಮೂವತ್ತು ವರ್ಷದಿಂದ ಇಷ್ಟೇ" ಅನ್ನೋ ಮಾತಿಗೆ ಬರೋಣ. ನಿಮ್ಮ ತಂದೆ ಸುಳ್ಳು ಹೇಳುತ್ತಿಲ್ಲ. ಗ್ಲಾಸಿನಲ್ಲಿ ಅಷ್ಟೇ ಇರಬಹುದು. ಬದಲಾಗಿರುವುದು ಗ್ಲಾಸಿನ ಆಚೆ ಕಡೆ.

ಮದ್ಯ ದೇಹದ ನೀರಿನಲ್ಲಿ ಕರಗಿ ಹರಡುತ್ತದೆ, ಕೊಬ್ಬಿನೊಳಗೆ ಹೆಚ್ಚು ಹೋಗುವುದಿಲ್ಲ. ನಲವತ್ತರ ಗಂಡಸಿನ ತೂಕದಲ್ಲಿ ಸುಮಾರು 60 ಪರ್ಸೆಂಟ್ ನೀರು ಅಂತ ಇಟ್ಟುಕೊಳ್ಳಿ. ಎಪ್ಪತ್ತು ದಾಟುವ ಹೊತ್ತಿಗೆ ಮಾಂಸಖಂಡ ಕರಗಿ, ಆ ಜಾಗದಲ್ಲಿ ಕೊಬ್ಬು ಬಂದು, ನೀರು 50 ಪರ್ಸೆಂಟಿನ ಹತ್ತಿರ ಇಳಿದಿರುತ್ತದೆ. ತೂಕ ಅದೇ 62 ಕೆ.ಜಿ. ಇದ್ದರೂ ಸರಿ, ಆಗ ಸುಮಾರು 37 ಲೀಟರ್ ಇದ್ದ ನೀರು ಈಗ 31 ಲೀಟರ್. 60 ಎಂ.ಎಲ್.ನ ಒಂದು ಪೆಗ್ ವಿಸ್ಕಿಯಲ್ಲಿ ಸುಮಾರು 20 ಗ್ರಾಂ ಶುದ್ಧ ಮದ್ಯ ಇರುತ್ತದೆ. ಎರಡು ಪೆಗ್ಗಿಗೆ 40 ಗ್ರಾಂ. ಅದೇ 40 ಗ್ರಾಂ 37 ಲೀಟರ್ ಬದಲು 31 ಲೀಟರಿನಲ್ಲಿ ಕರಗಿದರೆ ಸುಮಾರು 20 ಪರ್ಸೆಂಟ್ ಗಟ್ಟಿಯಾಗುತ್ತದೆ. ಯಾರೂ ಹೆಚ್ಚಿಗೆ ಸುರಿದಿಲ್ಲ, ಆದರೂ ಎರಡು ಪೆಗ್ ಎರಡೂವರೆಯ ಹತ್ತಿರ ಬಂದುಬಿಟ್ಟಿತು. ಹೆಂಗಸರ ದೇಹದಲ್ಲಿ ನೀರಿನ ಪಾಲು ಮೊದಲಿನಿಂದಲೂ ಕಡಿಮೆ, ಹಾಗಾಗಿ ಅವರಿಗೆ ಈ ಲೆಕ್ಕ ಇನ್ನೂ ಬೇಗ ಏರುತ್ತದೆ.

ಇದು ರಕ್ತದ ಲೆಕ್ಕ ಮಾತ್ರ. ಮೆದುಳಿನ ಲೆಕ್ಕ ಬೇರೆ ಇದೆ. ನಾವು ನೆಟ್ಟಗೆ ನಿಲ್ಲುವುದು ಕಣ್ಣು, ಒಳಕಿವಿ, ಪಾದದ ಸ್ಪರ್ಶ, ತೊಡೆಯ ಬಲ ಇವೆಲ್ಲ ಸೇರಿ. ವಯಸ್ಸು ಪ್ರತಿಯೊಂದರಿಂದಲೂ ಒಂದಷ್ಟು ಕಿತ್ತುಕೊಂಡಿರುತ್ತದೆ. ಉಳಿದದ್ದನ್ನು ಜೋಡಿಸಿ ನಿಭಾಯಿಸುವ ಹಿಂಮೆದುಳನ್ನೂ ಮದ್ಯ ಹಿಡಿಯುತ್ತದೆ. ಯುವಕರಿಗೆ ಜೋಲಿ ತಪ್ಪಿದರೆ ಕಾಲು ತಾನಾಗಿ ಮುಂದಕ್ಕೆ ಬಂದು ಹಿಡಿಯುತ್ತದೆ. ಎಪ್ಪತ್ತರಲ್ಲಿ ಆ ಹೆಜ್ಜೆ ಅರೆಕ್ಷಣ ತಡ. ಬೀಳುವುದು ಆ ಅರೆಕ್ಷಣದಲ್ಲಿ. ದಿನಾ ಕುಡಿಯುವವರಿಗೆ ಅಮಲು ಏರಿದ ಅನುಭವ ಅಷ್ಟಾಗಿ ಆಗುವುದಿಲ್ಲ. "ನಂಗೇನೂ ಆಗಿಲ್ಲ" ಅನ್ನುತ್ತಾರೆ, ಅದು ಅವರ ಮಟ್ಟಿಗೆ ನಿಜ. ಆದರೆ ಅಭ್ಯಾಸ ಅಮಲನ್ನು ಮರೆಮಾಚಿದಷ್ಟು ಸಮತೋಲವನ್ನು ಕಾಪಾಡುವುದಿಲ್ಲ.

ಈ ಪೆಗ್ಗಿನ ಅಳತೆ ನಾನು ಯಾವತ್ತೂ ನಂಬುವುದಿಲ್ಲ, ಬೇಜಾರಾಗಬೇಡಿ. ಒಂದು ಕೆಲಸ ಮಾಡಿ. ಅವರು ದಿನಾ ಬಳಸುವ ಗ್ಲಾಸಿಗೆ ಅವರ ಕೈಯಿಂದಲೇ ದಿನಾ ಹಾಕುವಷ್ಟು ನೀರು ಹಾಕಿಸಿ. ಆ ನೀರನ್ನು ಕೆಮ್ಮಿನ ಸಿರಪ್ ಜೊತೆ ಬರುವ ಅಳತೆ ಮುಚ್ಚಳದಲ್ಲಿ ಅಳೆಯಿರಿ. ಬಾಟಲಿಯಿಂದ ಅಂದಾಜಿಗೆ ಸುರಿದುಕೊಳ್ಳುವವರ 60, ಅಳೆದಾಗ 80, 85 ಆಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸುಮ್ನೆ ಜಗಳಕ್ಕೆ ಅಲ್ಲ, ಮುಂದಿನ ಲೆಕ್ಕಕ್ಕೆಲ್ಲ ಈ ಅಂಕಿ ಬೇಕು.

ಈಗ ರಾತ್ರಿ ಒಂದೂವರೆಗೆ ಏನಾಗುತ್ತಿದೆ ನೋಡೋಣ. ಎರಡು ಸಲವೂ ಅದೇ ಹೊತ್ತಿಗೆ ಬಿದ್ದಿದ್ದಾರೆ ಅಂತ ಬರೆದಿದ್ದೀರಿ. ಆ ಒಂದು ವಿವರಕ್ಕೆ ನಿಮಗೆ ಥ್ಯಾಂಕ್ಸ್ ಹೇಳಬೇಕು.

ಎಂಟೂವರೆಗೆ ಶುರು. ಲಿವರ್ ಗಂಟೆಗೆ ಸುಮಾರು 7 ಗ್ರಾಂ ಮದ್ಯ ಕರಗಿಸುತ್ತದೆ. ನಿಂಬೆಹಣ್ಣು, ಕಾಫಿ, ತಣ್ಣೀರು ಸ್ನಾನ ಯಾವುದೂ ಅದರ ವೇಗ ಹೆಚ್ಚಿಸುವುದಿಲ್ಲ. 40 ಗ್ರಾಂ ಖಾಲಿಯಾಗಲು ಐದೂವರೆ, ಆರು ಗಂಟೆ ಬೇಕು. ಅಂದರೆ ರಾತ್ರಿ ಎರಡೂ ದಾಟುತ್ತದೆ. ಪೆಗ್ 85 ಎಂ.ಎಲ್. ಆಗಿದ್ದರೆ ಬೆಳಗಿನ ಜಾವ ನಾಲ್ಕೂವರೆ. ಎಂಟೂವರೆಗೆ ಕುಡಿದದ್ದು ಮಲಗುವಷ್ಟರಲ್ಲಿ ಇಳಿದಿರುತ್ತದೆ ಅನ್ನೋದು ಭ್ರಮೆ.

ಮಲಗುವಾಗ ಕ್ಲೋನಜೆಪಾಮ್ ತಗೋತಾರೆ, ಹತ್ತೂವರೆಗೆ ಅಂತಿಟ್ಟುಕೊಳ್ಳೋಣ. ಅದು ರಕ್ತದಲ್ಲಿ ಪೂರ್ತಿ ಏರುವುದು ನುಂಗಿದ ಒಂದರಿಂದ ನಾಲ್ಕು ಗಂಟೆಯೊಳಗೆ. ಇದೂ ಮದ್ಯವೂ ಮೆದುಳಿನಲ್ಲಿ ಒತ್ತುವುದು ಒಂದೇ ಬ್ರೇಕನ್ನು. ಒಂದರ ಮೇಲೆ ಇನ್ನೊಂದು ಕಾಲಿಟ್ಟ ಹಾಗೆ. ನಿಮ್ಮ ಎರಡು ಗಂಟೆ ಗ್ಯಾಪಿನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಈ ಮಾತ್ರೆಯ ಅರ್ಧ ಭಾಗ ದೇಹದಿಂದ ಹೋಗುವುದಕ್ಕೇ 30, 40 ಗಂಟೆ ಹಿಡಿಯುತ್ತದೆ. ದಿನಾ ತಗೊಳ್ಳುವವರ ರಕ್ತದಲ್ಲಿ ಅದು ಇಲ್ಲದ ಹೊತ್ತೇ ಇಲ್ಲ. ಇವತ್ತಿನ ಪೆಗ್ಗಿಗೆ ನಿನ್ನೆಯ ಮಾತ್ರೆ, ಮೊನ್ನೆಯ ಮಾತ್ರೆ ಕಾದು ಕೂತಿರುತ್ತವೆ. ಗ್ಯಾಪ್ ಕೊಟ್ಟರೆ ಹೊಟ್ಟೆಯಲ್ಲಿ ಎರಡೂ ಒಟ್ಟಿಗೆ ಸೇರುವುದಿಲ್ಲ, ಅಷ್ಟೇ.

ಇನ್ನು ಮೂತ್ರ. ನೀರನ್ನು ದೇಹದಲ್ಲೇ ಉಳಿಸಿಕೊಳ್ಳಲು ಮೆದುಳು ಒಂದು ಹಾರ್ಮೋನ್ ಬಿಡುತ್ತದೆ. ಮದ್ಯ ಅದನ್ನು ತಡೆಯುತ್ತದೆ. ಕುಡಿದದ್ದಕ್ಕಿಂತ ಹೆಚ್ಚು ನೀರು ಹೊರಗೆ ಹೋಗುತ್ತದೆ. ಚೀಲ ತುಂಬುತ್ತದೆ, ಒಂದೂವರೆಗೆ ಎಚ್ಚರ. ಮೈಯಲ್ಲಿ ನೀರು ಕಡಿಮೆ, ಮದ್ಯದಿಂದ ರಕ್ತನಾಳ ಸಡಿಲ, ಟೆಲ್ಮಿಸಾರ್ಟಾನ್ ಅದನ್ನು ಇನ್ನಷ್ಟು ಸಡಿಲ ಮಾಡಿದೆ, ಟ್ಯಾಮ್ಸುಲೋಸಿನ್ ಕೂಡ ಅದೇ ಕೆಲಸಕ್ಕೆ ಸ್ವಲ್ಪ ಕೈಜೋಡಿಸಿದೆ. ಮಲಗಿದ್ದವರು ತಟ್ಟನೆ ಎದ್ದು ನಿಂತಾಗ ರಕ್ತವೆಲ್ಲ ಕಾಲಿಗೆ ಇಳಿಯುತ್ತದೆ. ಆಗ ನಾಳಗಳು ಬಿಗಿದು ಅದನ್ನು ಮೇಲಕ್ಕೆ ತಳ್ಳಬೇಕು. ಬಿಗಿಯುವುದಕ್ಕೆ ಬಿಡುತ್ತಿಲ್ಲವಲ್ಲ! ಬಿಪಿ ಧೊಪ್ಪನೆ ಕುಸಿಯುತ್ತದೆ, ಕಣ್ಣು ಕತ್ತಲಿಡುತ್ತದೆ, ಮೂರನೇ ಹೆಜ್ಜೆಗೆ ಬಾಗಿಲು.

ಇದನ್ನು ಮನೆಯಲ್ಲೇ ಹಿಡಿಯಬಹುದು. ಬಿಪಿ ಮೆಷಿನ್ ಇದ್ದರೆ ಅವರನ್ನು ಐದು ನಿಮಿಷ ಮಲಗಿಸಿ ಒಂದು ಸಲ ನೋಡಿ. ಆಮೇಲೆ ನಿಲ್ಲಿಸಿ, ಒಂದು ನಿಮಿಷ ಆದಾಗ ಒಮ್ಮೆ, ಮೂರು ನಿಮಿಷ ಆದಾಗ ಇನ್ನೊಮ್ಮೆ ನೋಡಿ. ಪಕ್ಕದಲ್ಲಿ ಒಬ್ಬರು ಹಿಡಿಯಲು ಸಿದ್ಧರಿರಲಿ. ತಲೆಸುತ್ತು ಅಂದರೆ ತಕ್ಷಣ ಕೂರಿಸಿ. ಮೇಲಿನ ಅಂಕಿ 20, ಅಥವಾ ಕೆಳಗಿನದು 10, ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಅದು ಲೆಕ್ಕಕ್ಕೆ ಬರುವ ಕುಸಿತ. ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ, ಹೀಗೆ ನಾಲ್ಕೈದು ದಿನ ಬರೆದಿಡಿ. ಕ್ಲಿನಿಕ್ಕಿನಲ್ಲಿ ಹಗಲು ಹನ್ನೊಂದು ಗಂಟೆಗೆ ಕುರ್ಚಿಯಲ್ಲಿ ಕೂರಿಸಿ ನೋಡಿದರೆ 130/80 ಅಂತ ಚೆನ್ನಾಗಿಯೇ ಬರುತ್ತದೆ. ರಾತ್ರಿ ಒಂದೂವರೆಯ ಕಥೆ ಅಲ್ಲಿ ಕಾಣುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದಿದೆ. ಮಾತ್ರೆಗಳ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ.

ಮದ್ಯ ಬೇಗ ನಿದ್ದೆ ಹತ್ತಿಸುತ್ತದೆ, ಆದರೆ ಅದು ಇಳಿಯುವ ಹೊತ್ತಿಗೆ ನಿದ್ದೆ ಒಡೆಯುತ್ತದೆ. ಒಂದೂವರೆ, ಎರಡರ ನಂತರ ಹೊರಳಾಟ. "ನಿದ್ದೆ ಬರಲ್ಲ" ಅಂತ ಡಾಕ್ಟರ ಹತ್ತಿರ ಹೋದಾಗ ಕ್ಲೋನಜೆಪಾಮ್ ಸಿಕ್ಕಿರಬಹುದು. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುತ್ತಾರೆ, ವಯಸ್ಸೂ ಆಗಿದೆ, ಪ್ರಾಸ್ಟೇಟ್ ಇರಲೇಬೇಕು ಅಂತ ಟ್ಯಾಮ್ಸುಲೋಸಿನ್ ಬಂದಿರಬಹುದು. ದಿನಾ ಇಷ್ಟು ಕುಡಿದರೆ ವರ್ಷಗಟ್ಟಲೆಯಲ್ಲಿ ಬಿಪಿ ಏರುತ್ತದೆ, ಅದಕ್ಕೆ ಟೆಲ್ಮಿಸಾರ್ಟಾನ್. ನಿಮ್ಮ ತಂದೆಯ ವಿಷಯದಲ್ಲಿ ಹೀಗೇ ಆಗಿದೆ ಅಂತ ನಾನು ಇಲ್ಲಿಂದ ಹೇಳಲಾರೆ. ಅವರಿಗೆ ಪ್ರಾಸ್ಟೇಟ್ ನಿಜಕ್ಕೂ ದಪ್ಪ ಆಗಿರಬಹುದು. ಆದರೆ ಈ ಮೂರು ಮಾತ್ರೆಗಳಲ್ಲೂ ಒಂದಷ್ಟು ಪಾಲು ಆ ಎರಡು ಪೆಗ್ಗಿನ ಬಾಕಿ ಇರಬಹುದು. ಪೆಗ್ಗಿನ ತೊಂದರೆಗೆ ಬಂದ ಮಾತ್ರೆ ಪೆಗ್ಗಿನ ಜೊತೆ ಸೇರಿ ಬೀಳಿಸುತ್ತಿದೆ. ಮಾತ್ರೆ ಬರೆದ ಡಾಕ್ಟರನ್ನು ದೂರುವುದಕ್ಕೂ ಆಗುವುದಿಲ್ಲ. "ಕುಡೀತೀರಾ?" ಅಂತ ಕೇಳಿದರೆ "ಯಾವಾಗಲೋ ಒಮ್ಮೊಮ್ಮೆ" ಅನ್ನೋದೇ ಎಲ್ಲರ ಉತ್ತರ ಅಲ್ವಾ? ಮಗ ಅಥವಾ ಮಗಳು ಪಕ್ಕದಲ್ಲಿ ಕೂತಿದ್ದರಂತೂ ಇನ್ನೂ ಕಡಿಮೆ ಹೇಳುತ್ತಾರೆ.

ಹಾರ್ಟಿಗೆ ಒಳ್ಳೇದು ಅನ್ನೋ ಮಾತು ಎಲ್ಲಿಂದ ಬಂತು ಅಂದರೆ, ಹಳೆಯ ಅಧ್ಯಯನಗಳಲ್ಲಿ ಸ್ವಲ್ಪ ಕುಡಿಯುವವರು ಕುಡಿಯದವರಿಗಿಂತ ಆರೋಗ್ಯವಾಗಿ ಕಂಡಿದ್ದರು. ಆ "ಕುಡಿಯದವರ" ಗುಂಪಿನಲ್ಲಿ ಕಾಯಿಲೆ ಬಂದು ಬಿಟ್ಟವರೂ ಸೇರಿಕೊಂಡಿದ್ದರು. ಅವರನ್ನು ಬೇರೆ ಮಾಡಿ ನೋಡಿದಾಗ ಆ ಲಾಭ ಬಹುಮಟ್ಟಿಗೆ ಕರಗಿಹೋಯಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಷ್ಟು ಕುಡಿದರೆ ಸುರಕ್ಷಿತ ಅನ್ನುವ ಮಟ್ಟವೇ ಇಲ್ಲ ಅಂತ ಹೇಳಿತು. ತಂದೆಯ ಜೊತೆ ಇದರ ಮೇಲೆ ವಾದಕ್ಕೆ ಇಳಿಯಬೇಡಿ. ಈಗಿರುವ ಸಮಸ್ಯೆ ಹಾರ್ಟಿನದ್ದಲ್ಲ, ಬಾಗಿಲಿನದ್ದು.

ಹಾಗಾದರೆ ಅಮ್ಮ ಹೇಳುವಂತೆ ಇವತ್ತೇ ಬಿಡಿಸಿಬಿಡಬಹುದಾ? ಇಲ್ಲಿ ತಾಳ್ಮೆ ಬೇಕು. ಮೂವತ್ತು ವರ್ಷ ದಿನವೂ ಮದ್ಯಕ್ಕೆ ಒಗ್ಗಿದ ಮೆದುಳಿಗೆ ಅದು ಒಮ್ಮೆಗೇ ಸಿಗದೆ ಹೋದರೆ ಅದು ಕೆರಳಬಹುದು. ಕೊನೆಯ ಪೆಗ್ ಆಗಿ ಆರೇಳು ಗಂಟೆಯಲ್ಲಿ ಕೈನಡುಕ, ಬೆವರು, ಎದೆ ಡವಡವ ಶುರುವಾಗಬಹುದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ದಿಕ್ಕು ತೋಚದ ಗೊಂದಲ, ಗೋಡೆ ಮೇಲೆ ಹುಳ ಕಾಣಿಸುವುದು ಆಗುತ್ತದೆ. ಅದು ಪ್ರಾಣಕ್ಕೇ ಅಪಾಯ. ಎರಡು ಪೆಗ್ಗಿನವರಲ್ಲಿ ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಎಪ್ಪತ್ತರ ದೇಹ ತಡೆದುಕೊಳ್ಳುವುದು ಕಡಿಮೆ. ಹಿಂದೆ ಯಾವಾಗಲಾದರೂ ಮೂರು ನಾಲ್ಕು ದಿನ ಕುಡಿಯದೆ ಇದ್ದರಾ, ಆಗ ಕೈ ನಡುಗಿತ್ತಾ, ಬೆಳಿಗ್ಗೆ ಒಂದು ಗುಟುಕು ಬೇಕು ಅನ್ನಿಸುತ್ತಾ, ಇದನ್ನು ಕೇಳಿ. ಹೌದು ಅಂದರೆ ಮನೆಯಲ್ಲಿ ಪ್ರಯೋಗ ಬೇಡ. ಆಸ್ಪತ್ರೆಯ ನಿಗಾದಲ್ಲೇ ಬಿಡಿಸಬೇಕು, ಥಯಾಮಿನ್ ಅನ್ನೋ ವಿಟಮಿನ್ ಕೊಡುವುದು ಸೇರಿದಂತೆ.

ಮತ್ತೆ, ಯಾವ ಕಾರಣಕ್ಕೂ ಪೆಗ್ಗನ್ನೂ ಕ್ಲೋನಜೆಪಾಮನ್ನೂ ಒಂದೇ ದಿನ ನಿಲ್ಲಿಸಬೇಡಿ. ಬ್ರೇಕನ್ನು ಒತ್ತಿ ಹಿಡಿದಿದ್ದ ಎರಡು ಕಾಲನ್ನೂ ಒಮ್ಮೆಗೇ ತೆಗೆದ ಹಾಗಾಗುತ್ತದೆ. ಫಿಟ್ಸ್ ಬರುವ ಅಪಾಯ ಹೆಚ್ಚುತ್ತದೆ.

ನಡುಕ ಗಿಡುಕ ಏನೂ ಇಲ್ಲದಿದ್ದರೆ, ಡಾಕ್ಟರು ಒಪ್ಪಿದರೆ, ನಾನು ಸಾಮಾನ್ಯವಾಗಿ ಹೇಳುವ ದಾರಿ ಇದು. ಮೊದಲು ಅಳೆದು ನೋಡಿದ ನಿಜವಾದ ಅಂಕಿಯಿಂದ ಶುರುಮಾಡಿ. 120 ಎಂ.ಎಲ್. ಅಂತಾದರೆ, ನಾಲ್ಕೈದು ದಿನಕ್ಕೊಮ್ಮೆ 15 ಎಂ.ಎಲ್. ಇಳಿಸಿ. ಐದಾರು ವಾರದಲ್ಲಿ ಸೊನ್ನೆಗೆ ಬರುತ್ತದೆ. ನಡುವೆ ನಡುಕ, ಬೆವರು ಕಂಡರೆ ಹಿಂದಿನ ಅಳತೆಗೆ ಹೋಗಿ ಡಾಕ್ಟರಿಗೆ ತಿಳಿಸಿ. ಕುಡಿಯುವ ಹೊತ್ತನ್ನೂ ಎಂಟೂವರೆಯಿಂದ ಏಳಕ್ಕೆ ತನ್ನಿ, ಖಾಲಿ ಹೊಟ್ಟೆಯಲ್ಲಿ ಬೇಡ, ಊಟದ ಜೊತೆಗೇ ಆಗಲಿ. ವಿಸ್ಕಿ ಬಿಟ್ಟು ಬಿಯರ್ ಕುಡಿಯಲಿ ಅಂತ ಕೆಲವರು ಸಲಹೆ ಕೊಡುತ್ತಾರೆ. 650 ಎಂ.ಎಲ್. ಬಿಯರ್ ಬಾಟಲಿಯಲ್ಲಿ, ಅದು 5 ಪರ್ಸೆಂಟಿನದ್ದಾದರೂ, ಸುಮಾರು 26 ಗ್ರಾಂ ಮದ್ಯ ಇರುತ್ತದೆ. ಒಂದು 60ರ ಪೆಗ್ಗಿಗಿಂತ ಜಾಸ್ತಿ, ಮೇಲೆ ರಾತ್ರಿಯೆಲ್ಲ ಬಾತ್‌ರೂಮ್ ಓಡಾಟ.

ಮದ್ಯ ಸೊನ್ನೆಗೆ ಬಂದು ಒಂದೆರಡು ವಾರ ಸ್ಥಿರವಾದ ಮೇಲೆ ಕ್ಲೋನಜೆಪಾಮ್ ಸರದಿ. ಅದನ್ನು ಎರಡರಿಂದ ನಾಲ್ಕು ವಾರಕ್ಕೊಮ್ಮೆ 10ರಿಂದ 25 ಪರ್ಸೆಂಟಿನಷ್ಟು ಇಳಿಸುತ್ತಾ ತಿಂಗಳುಗಳೇ ತಗೊಳ್ಳಬಹುದು. ಅವಸರ ಬೇಡ. ಮೊದಲ ಕೆಲವು ವಾರ ನಿದ್ದೆ ಇನ್ನೂ ಕೆಡುತ್ತದೆ, ಇದನ್ನು ತಂದೆಗೆ ಮುಂಚೆಯೇ ಹೇಳಿಬಿಡಿ. ಹೇಳದೆ ಇದ್ದರೆ ನಾಲ್ಕನೇ ದಿನ "ನೋಡು, ಕುಡಿದಾಗಲೇ ಚೆನ್ನಾಗಿತ್ತು" ಅಂತ ಬಾಟಲಿ ಹೊರಬರುತ್ತದೆ.

ಪೂರ್ತಿ ಬಿಡುವುದಿಲ್ಲ ಅಂತ ಹಟ ಹಿಡಿದರೆ? ಆಗುತ್ತದೆ, ಅವರೇನು ಮಕ್ಕಳಲ್ಲ. ಆಗ 30 ಎಂ.ಎಲ್.ಗೆ ಇಳಿಸಿ ಅಲ್ಲೇ ನಿಲ್ಲಿಸಲು ಒಪ್ಪಿಸಿ. ಆದರೆ ಕ್ಲೋನಜೆಪಾಮ್ ಇರುವವರೆಗೆ ಆ 30 ಕೂಡ ಸುರಕ್ಷಿತ ಅಂತ ನನ್ನ ಬಾಯಿಂದ ಬರುವುದಿಲ್ಲ. ಎರಡರಲ್ಲಿ ಒಂದು ಹೋಗಲೇಬೇಕು. ಯಾವುದನ್ನು ಮೊದಲು ಅನ್ನೋದನ್ನು ಅವರ ಡಾಕ್ಟರ ಜೊತೆ ಕೂತು ತೀರ್ಮಾನಿಸಿ.

ಬಿಟ್ಟ ಮೇಲೆ ಬರುವ ಒಂದು ಅಪಾಯವನ್ನು ನಾನು ನನ್ನದೇ ತಪ್ಪಿನಿಂದ ಕಲಿತೆ. ಎಪ್ಪತ್ತು ದಾಟಿದ ಒಬ್ಬರು ನನ್ನ ಮಾತು ಕೇಳಿ ಕುಡಿಯೋದು ಬಿಟ್ಟರು. ನನಗೂ ಖುಷಿ, ಮುಂದಿನ ತಿಂಗಳು ಬನ್ನಿ ಅಂದೆ. ಮೂರನೇ ವಾರ ಬೆಳಿಗ್ಗೆ ಅಂಗಳದಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡರು. "ಕುಡಿದಾಗ ಬೀಳಲಿಲ್ಲ, ಬಿಟ್ಟ ಮೇಲೆ ಬಿದ್ರು" ಅಂತ ಅವರ ಮಗ ನನ್ನ ಮುಂದೆ ನಿಂತಿದ್ದ. ಮಲಗಿದಾಗ ಬಿಪಿ 112, ನಿಂತಾಗ 86. ಮದ್ಯ ಹೋದ ಮೇಲೆ ಬಿಪಿ ತಾನಾಗಿಯೇ ಇಳಿದಿತ್ತು, ನಾನು ಮಾತ್ರೆ ಇಳಿಸಿರಲಿಲ್ಲ. ಈಗ ಕುಡಿಯೋದು ಕಡಿಮೆ ಮಾಡುವ ಯಾರಿಗೇ ಆಗಲಿ ವಾರಕ್ಕೊಮ್ಮೆ ನಿಂತು ಬಿಪಿ ನೋಡಿ ಕಳಿಸಿ ಅನ್ನುತ್ತೇನೆ. ನಿಮ್ಮ ತಂದೆಯದ್ದೂ ನೋಡಿ. ಟೆಲ್ಮಿಸಾರ್ಟಾನ್ ಕಡಿಮೆ ಮಾಡಬೇಕಾಗಬಹುದು. ಹಾಗೇ ಟ್ಯಾಮ್ಸುಲೋಸಿನ್ ಇನ್ನೂ ಬೇಕಾ ಅಂತ ಆಗ ಮತ್ತೊಮ್ಮೆ ಕೇಳಿ.

ಇದೇ ಪರಿಸ್ಥಿತಿಯಲ್ಲಿರುವ ಬೇರೆ ಓದುಗರಿಗೆ ಒಂದು ಮಾತು. ಮನೆಯ ಹಿರಿಯರು ಶುಗರಿಗೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತಗೊಳ್ಳುತ್ತಿದ್ದರೆ ಲೆಕ್ಕ ಬೇರೆಯಾಗುತ್ತದೆ. ಶುಗರ್ ಇಳಿದಾಗ ಲಿವರ್ ಹೊಸದಾಗಿ ಶುಗರ್ ತಯಾರಿಸಿ ಕೊಡುತ್ತದೆ, ಮದ್ಯ ಕರಗಿಸುವ ಹೊತ್ತಿನಲ್ಲಿ ಆ ಕೆಲಸ ಹಿಂದೆ ಬೀಳುತ್ತದೆ. ಊಟ ಬಿಟ್ಟು ಮಲಗಿದರೆ ನಡುರಾತ್ರಿ ಶುಗರ್ ಕುಸಿಯಬಹುದು. ತೊದಲು ಮಾತು, ಬೆವರು, ತೂರಾಟ, ನೋಡಿದವರಿಗೆ ಅಮಲಿನ ಹಾಗೇ ಕಾಣುತ್ತದೆ. ಮಲಗಲಿ ಬಿಡು ಅನ್ನಬೇಡಿ, ಬೆರಳು ಚುಚ್ಚಿ ಶುಗರ್ ನೋಡಿ.

ಇವತ್ತು ರಾತ್ರಿಗೆ ಮಾಡಬೇಕಾದ್ದು ಚಿಕ್ಕದು. ಮಂಚದಿಂದ ಬಾತ್‌ರೂಮಿನವರೆಗೆ ರಾತ್ರಿಯಿಡೀ ಉರಿಯುವ ಮಂದ ದೀಪ ಹಾಕಿ, ನಡುವೆ ಕಾಲೊರೆಸು, ಚಪ್ಪಲಿ ಇದ್ದರೆ ತೆಗೆಯಿರಿ. ಎಚ್ಚರವಾದಾಗ ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು, ಪಾದವನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಿ, ಆಮೇಲೆ ಏಳಲಿ. ಇನ್ನೂ ಒಳ್ಳೆಯದು ಅಂದರೆ ಮೂತ್ರದ ಬಾಟಲಿ ಮಂಚದ ಪಕ್ಕದಲ್ಲೇ ಇರಲಿ, ಕೂತೇ ಮಾಡಲಿ. ಗಂಡಸರು ಇದಕ್ಕೆ ನಾಚುತ್ತಾರೆ, ಎರಡು ದಿನ ಗೊಣಗುತ್ತಾರೆ, ಆಮೇಲೆ ರೂಢಿಯಾಗುತ್ತದೆ. ನಾಳೆ ಡಾಕ್ಟರ ಹತ್ತಿರ ಹೋಗುವಾಗ ಅಂಗಡಿಯಲ್ಲಿ ತಾವೇ ಕೇಳಿ ತಂದ ನೆಗಡಿ ಮಾತ್ರೆ, ನೋವಿನ ಮಾತ್ರೆ ಸೇರಿದಂತೆ ಮನೆಯಲ್ಲಿರುವ ಮಾತ್ರೆಯನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ನೆಗಡಿ ಮಾತ್ರೆಗಳಲ್ಲಿ ಎಷ್ಟೋ ತೂಕಡಿಕೆ ತರುತ್ತವೆ. ನೋವಿನ ಮಾತ್ರೆ, ಆಸ್ಪಿರಿನ್, ಮದ್ಯ ಮೂರೂ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಮಲ ಡಾಂಬರಿನ ಹಾಗೆ ಕಪ್ಪಗೆ ಹೋಗುತ್ತಿದೆಯಾ ಅಂತಲೂ ಅವರನ್ನು ಒಮ್ಮೆ ಕೇಳಿ. ಸ್ಕ್ಯಾನ್ ಆದಮೇಲೆ, ನಿಂತು ನೋಡಿದ ಬಿಪಿ ಅಂಕಿಗಳ ಜೊತೆ ಮತ್ತೆ ಬರೆಯಿರಿ.